ಬರ್ಫಿನ ಪೆಟ್ಟಿಗೆಯಲ್ಲಿ ಬಂದ ಕಾಲು

ಆ ಸಂಜೆ ಕ್ಯಾಜುವಾಲ್ಟಿಯ ಪಕ್ಕದ ಚಿಕ್ಕ ಕೋಣೆಯಲ್ಲಿ ಚಹಾ ಕುಡಿಯುತ್ತ ಕೂತವರು ನಾಲ್ಕು ಜನ. ಒಬ್ಬ ನಾನು, ಕಾರವಾರದ ಈ ಆಸ್ಪತ್ರೆಯಲ್ಲಿ ಮೂಳೆ ಕೂಡಿಸುತ್ತಲೇ ತಲೆಕೂದಲು ಬೆಳ್ಳಗೆ ಮಾಡಿಕೊಂಡವನು. ಎದುರಿಗೆ ಇಬ್ಬರು ಹೌಸ್ ಸರ್ಜನ್‌ಗಳು. ಒಬ್ಬ ಹುಬ್ಬಳ್ಳಿಯ ಹುಡುಗ, ಮೀನಿನ ವಾಸನೆಗೆ ಇನ್ನೂ ಮೂಗು ಪಳಗಿಸಿಕೊಳ್ಳುತ್ತಿದ್ದ. ಇನ್ನೊಬ್ಬಳು ಕುಮಟೆಯ ಹುಡುಗಿ, ಬಾಯಿ ಕಮ್ಮಿ, ಕಣ್ಣು ಚುರುಕು. ಬಾಗಿಲ ಬಳಿ ಸ್ಟೂಲಿನ ಮೇಲೆ ನಮ್ಮ ಹಿರಿಯ ಸಿಸ್ಟರು, ಅಂಕೋಲೆ ಕಡೆಯವರು. ಅವರ ಎದುರು ನಾನೂ ದನಿ ಏರಿಸುತ್ತಿರಲಿಲ್ಲ.

ಹೌಸ್ ಸರ್ಜನ್‌ಗಳಿಬ್ಬರೂ ಪಿಜಿ ಪರೀಕ್ಷೆಗೆ ಓದುತ್ತಿದ್ದರು. ಕೇಸು ಬಾರದ ಹೊತ್ತಿನಲ್ಲಿ ನಾನು ಪ್ರಶ್ನೆ ಕೇಳುವುದು, ಅವರು ಉತ್ತರ ಹೇಳುವುದು, ತಪ್ಪಿದವರು ಮರುದಿನದ ಚಹಾ ತರಿಸುವುದು. ಅಂದು ಕೇಳಿದ್ದು ಇದು. ಮೊಣಕಾಲ ಕೆಳಗಿನ ಮೂಳೆ ಮುರಿದವನಿಗೆ ಕಂಪಾರ್ಟ್‌ಮೆಂಟ್ ಸಿಂಡ್ರೋಮ್ ಆಗುತ್ತಿದೆ ಎಂದು ಎಲ್ಲಕ್ಕಿಂತ ಮೊದಲು ಹೇಳುವುದು ಯಾವುದು? ಪಾದದ ನಾಡಿ ನಿಲ್ಲುವುದೋ, ಪಾದ ಬಿಳಿಚುವುದೋ, ಬೆರಳು ಆಡದಿರುವುದೋ, ಬೆರಳನ್ನು ನಾವು ಎಳೆದಾಗ ಆಗುವ ನೋವೋ?

"ನಾಡಿ ರೀ ಸರ್," ಅಂದ ಹುಬ್ಬಳ್ಳಿಯ ಹುಡುಗ, ಬಿಸ್ಕತ್ತು ಅದ್ದುತ್ತ. "ರಕ್ತ ಹೋಗೂದು ನಿಂತ ಮ್ಯಾಲೆ ಉಳದದ್ದೆಲ್ಲಾ."

"ನಾಳೆ ಚಹಾ ನಿಂದು," ಅಂದೆ.

ಯಾಕೆ ಎಂದು ಅವನು ಕೇಳುವುದರೊಳಗೆ ಹೊರಗೆ ಒಂದು ಪಿಕಪ್ ಗಾಡಿ ಹಾರನ್ ಒತ್ತಿ ಹಿಡಿದು ಬಂದು ನಿಂತಿತು. ಮೀನು ಹೊರುವ ಗಾಡಿ. ಅದರ ಹಿಂದಿನಿಂದ ಐದಾರು ಜನ ಇಳಿದು, ಒಬ್ಬನನ್ನು ಬಾಗಿಲ ಹಲಗೆಯ ಮೇಲೆ ಮಲಗಿಸಿಕೊಂಡು ಒಳಗೆ ನುಗ್ಗಿದರು. ಅವನ ಎಡಗಾಲು ನೀಲಿ ಬಣ್ಣದ ಮೀನಿನ ಪೆಟ್ಟಿಗೆಯಲ್ಲಿತ್ತು. ಪೆಟ್ಟಿಗೆ ತುಂಬ ಪುಡಿ ಬರ್ಫು, ಮೀನು ಕೆಡದಂತೆ ಹಾಕುವ ಮಂಜುಗಡ್ಡೆ. ಬರ್ಫಿನ ಮೇಲಿಂದ, ತೊಡೆಯಿಂದ ಹಿಮ್ಮಡಿಯವರೆಗೆ, ಬಲೆಯ ನೈಲಾನ್ ಹಗ್ಗವನ್ನು ಬೋಟು ಕಟ್ಟುವ ಗಂಟು ಹಾಕಿ ಸುತ್ತಿದ್ದರು. ಕರಗಿದ ನೀರು ಮೀನಿನ ಪೊರೆಯ ಸಮೇತ ನೆಲಕ್ಕೆ ಸುರಿಯಿತು.

ಜೊತೆಯಲ್ಲಿ ಬಂದ ಹೆಂಗಸು ಅವನ ಹೆಂಡತಿ. ನಾವು ಕೇಳುವ ಮೊದಲೇ ಹೇಳಿದಳು, "ಜಾರಿ ಬಿದ್ರು ಡಾಕ್ಟ್ರೇ. ಬೋಟಿನ ಮೇಲೆ ಜಾರಿ ಬಿದ್ರು. ಬರ್ಕೊಳ್ಳಿ."

"ಯಾವಾಗ?"

"ಮಧ್ಯಾಹ್ನ. ಬೈತಖೋಲದಲ್ಲಿ."

ಬೈತಖೋಲ ಬಂದರು ನಮ್ಮ ಆಸ್ಪತ್ರೆಗೆ ಕೂಗಳತೆ. ಮಧ್ಯಾಹ್ನ ಬಿದ್ದವನು ಸಂಜೆ ಯಾಕೆ ಬಂದ? ನಿಧಾನಕ್ಕೆ ಬಾಯಿಬಿಟ್ಟರು. ಮೊದಲು ಅಂಕೋಲೆಗೆ ಒಯ್ದಿದ್ದರಂತೆ, ಬೊಬ್ರುವಾಡದಲ್ಲಿರುವ ಹೆಂಡತಿಯ ತವರಿಗೆ. ಅಲ್ಲಿ ಹಿರಿಯರು ಕೂತು ಮಾತಾಡಿದರಂತೆ. ಏನು ಮಾತಾಡಿದರು ಎಂದು ಯಾರೂ ಹೇಳಲಿಲ್ಲ. ಮಾತು ಮುಗಿಯುವವರೆಗೂ ಕಾಲು ಬರ್ಫಿನಲ್ಲೇ ಇತ್ತು. ಬರ್ಫು ಕರಗಿದಂತೆ ಮತ್ತೆ ತುಂಬಿ, ಹಗ್ಗ ಸಡಿಲಾದಂತೆ ಮತ್ತೆ ಬಿಗಿದಿದ್ದರು.

ಸಿಸ್ಟರು ಕತ್ತರಿ ತಂದು ಹಗ್ಗ ಕತ್ತರಿಸಲು ಕೂತರೆ, ಬೋಟಿನ ತಾಂಡೇಲ, ಅಂದರೆ ಬೋಟು ನಡೆಸುವ ಯಜಮಾನ, ಬಿಳಿ ಮೀಸೆಯ ಮುದುಕ, ಅಡ್ಡ ಬಂದ. "ತೆಗೀಬೇಡಿ ಬಾಯೀ. ಬರ್ಫಿನಲ್ಲಿಟ್ರೆ ಮೀನೇ ಕೆಡೂದಿಲ್ಲ, ಕಾಲು ಕೆಡ್ತದಾ?"

"ಮೀನು ಸತ್ತದ್ದು ಮಾರಾಯಾ. ಇಂವ ಬದುಕಿದ್ದಾನೆ," ಅಂದರು ಸಿಸ್ಟರು, ಕತ್ತರಿ ನಿಲ್ಲಿಸದೆ.

ಕಾಲು ಹೊರಗೆ ಬಂತು. ತೊಡೆ ನಡುವೆ ಬಾಗಿತ್ತು, ಮೊಣಕಾಲ ಕೆಳಗೂ ಬಾಗಿತ್ತು. ಮೊಣಕಾಲು ಮಾತ್ರ ಎರಡೂ ಕಡೆಯ ಸಂಬಂಧ ಕಡಿದುಕೊಂಡು ನಡುವೆ ತೇಲುತ್ತಿತ್ತು. ಚರ್ಮ ಒಡೆದಿರಲಿಲ್ಲ. ಹಗ್ಗದ ಗುರುತು ಸಾಲು ಸಾಲಾಗಿ ನೇರಳೆ ಬಣ್ಣಕ್ಕೆ ಮೂಡಿತ್ತು. ಮನುಷ್ಯ ಮಾತ್ರ ಆಶ್ಚರ್ಯ ಆಗುವಷ್ಟು ಸುಮ್ಮನಿದ್ದ. ನೋವಿಗೆ ಎಂದು ಅವನ ಕಡೆಯವರು ದಾರಿಯಲ್ಲಿ ಒಂದಿಷ್ಟು ಶೆರೆ ಕುಡಿಸಿದ್ದರು. ಮೇಲಿಂದ ಬರ್ಫು.

ಹುಬ್ಬಳ್ಳಿಯ ಹುಡುಗ ಪಾದದ ಮೇಲೆ ಬೆರಳಿಟ್ಟು ನಾಡಿ ಹುಡುಕಿದ. ಮುಖ ಅರಳಿತು. "ನಾಡಿ ಐತ್ರಿ ಸರ್. ಪಾದ ತಣ್ಣಗ ಆಗೇತಿ, ಅದು ಬರ್ಫಿಂದು. ಬೆರಳಿಗೆ ಜೋಮು, ಅದೂ ಬರ್ಫಿಂದು. ಬೆಚ್ಚಗಾದ ಮ್ಯಾಲೆ ಸರಿ ಆಗ್ತದ." ಹಾಗೆಂದು ಬಾವು ಇಳಿಯಲಿ ಎಂದು ಕಾಲ ಕೆಳಗೆ ಎರಡು ದಿಂಬು ಒಟ್ಟಿ ಎತ್ತರಿಸಿದ.

ಅವನು ಹೇಳಿದ್ದರಲ್ಲಿ ಒಂದೂ ಸುಳ್ಳಲ್ಲ. ಕಷ್ಟ ಇದ್ದದ್ದೇ ಅಲ್ಲಿ. ಬರ್ಫು ಎಲ್ಲದಕ್ಕೂ ಒಂದು ನೆಪ ಕೊಟ್ಟಿತ್ತು. "ಎಕ್ಸರೇ ತೆಗೆಸಿ, ಅಷ್ಟರಲ್ಲಿ ಬರ್ಫಿನ ಅಮಲು ಇಳಿಯಲಿ, ಆಮೇಲೆ ಮತ್ತೆ ನೋಡೋಣ," ಅಂದೆ. ಸಲೈನು ಏರಿಸಿ, ಕಾಲಿಗೆ ಉದ್ದದ ಪಟ್ಟಿ ಕೊಟ್ಟು ಕಳಿಸಿದೆವು.

ಎಕ್ಸರೇ ಪರದೆಯ ಮೇಲೆ ಬಂದಾಗ ಹೆಂಡತಿಯನ್ನೂ ಕರೆದೆ. ತೊಡೆಯ ಮೂಳೆ ನಡುವೆ ಮೂರು ಚೂರು. ಕೆಳಗಿನ ಮೂಳೆ ಮಾತ್ರ ಅಡ್ಡಡ್ಡ ಮುರಿದಿತ್ತು, ಪಕ್ಕದಲ್ಲಿ ಚಿಟ್ಟೆಯ ರೆಕ್ಕೆಯಂಥ ಒಂದು ತುಂಡು ಎದ್ದಿತ್ತು. ಅದರ ಜೊತೆಗಿನ ಸಣ್ಣ ಮೂಳೆಯೂ ಅದೇ ಮಟ್ಟಕ್ಕೆ ತುಂಡು.

"ತಂಗೀ, ಜಾರಿದ್ರೆ ಪಾದ ಒಂದು ಕಡೆ ಸಿಕ್ಕಿ ಮೈ ಒಂದು ಕಡೆ ತಿರುಗ್ತದೆ. ಒದ್ದೆ ಬಟ್ಟೆ ಹಿಂಡ್ತೀಯಲ್ಲ, ಹಾಗೆ. ಆವಾಗ ಮೂಳೆ ಸುರುಳಿ ಸುರುಳಿಯಾಗಿ ಮುರೀತದೆ. ಇದು ಹಾಗಿಲ್ಲ. ಇದಕ್ಕೆ ಅಡ್ಡದಿಂದ ಏಟು ಬಿದ್ದಿದೆ."

ಅವಳು ಪರದೆ ನೋಡಲಿಲ್ಲ, ನನ್ನನ್ನು ನೋಡಿದಳು. "ಬೋಟಿನ ಅಂಚಿಗೆ ಬಡೀತು."

"ಎರಡು ಕಡೆನೂ ಅಂಚಿಗೇ ಬಡೀತಾ?"

ಉತ್ತರ ಹೊರಗಿನಿಂದ ಬಂತು. ಕ್ಯಾಜುವಾಲ್ಟಿಯ ಗಾಜಿನ ಬಾಗಿಲು ಒಡೆದ ಸದ್ದು. ಓಡಿ ಹೋಗಿ ನೋಡಿದರೆ ಬೋಟಿನವರೆಲ್ಲ ಸೇರಿ ಒಬ್ಬ ತರುಣನನ್ನು ಬಾಗಿಲಿಗೆ ಎಸೆದಿದ್ದರು. ಹಣೆ ಒಡೆದು ರಕ್ತ ಕಣ್ಣಿಗಿಳಿದಿತ್ತು. ಒಬ್ಬ ಅವನ ಕೂದಲು ಹಿಡಿದಿದ್ದ. ಇನ್ನೊಬ್ಬ ಪಕ್ಕೆಗೆ ಒದೆಯುತ್ತಿದ್ದ. ತಾಂಡೇಲ ಮುದುಕ ಚಪ್ಪಲಿ ತೆಗೆದುಕೊಂಡು ಬಾಯಿಯ ಮೇಲೆ ಬಡಿಯುತ್ತಿದ್ದ. "ಕಾಲು ಮುರಿದವನ ಕಾಲು ಮುರೀರಿ! ಹಿಡ್ಕೊಳ್ರಾ ಅವನ ಕಾಲು!"

ವಾಚ್‌ಮನ್ ದೂರ ನಿಂತು "ಏ, ಏ" ಅನ್ನುತ್ತಿದ್ದ. ಹೆಂಡತಿ ನನ್ನನ್ನು ದೂಡಿ ಮುಂದೆ ಹೋದಳು. ಗಾಜಿನ ಚೂರಿನ ಮೇಲೆ ಬರಿಗಾಲಲ್ಲಿ ನಡೆದು ಆ ತರುಣನ ಮೇಲೆ ಬಿದ್ದು ಮುಚ್ಚಿಕೊಂಡಳು. ಮುದುಕನ ಚಪ್ಪಲಿ ಅವಳ ಬೆನ್ನಿಗೆ ಬಿತ್ತು.

"ಹೊಡೀರಿ! ನನ್ನನ್ನೂ ಹೊಡೀರಿ! ಅಂವ ನನ್ನ ತಮ್ಮ!"

ಒಡಹುಟ್ಟಿದ ತಮ್ಮ. ಗಂಡನ ಕಾಲು ಮುರಿದವನೂ ಅವನೇ. ಭಾವನನ್ನು ನೋಡಲು ಹಿಂದಿನಿಂದ ಬಂದು ಬೋಟಿನವರ ಕೈಗೆ ಸಿಕ್ಕಿದ್ದ. ಅಂದು ಬೈತಖೋಲದಲ್ಲಿ ನಡೆದದ್ದು ಆಮೇಲೆ ಬೇರೆ ಬೇರೆ ಬಾಯಿಂದ ಕೇಳಿ ಕೂಡಿಸಿಕೊಂಡೆ. ಈ ತಮ್ಮ ದುಡಿಯುತ್ತಿದ್ದ ಬೋಟು ಹಿಂದಿನ ದಿನ ಭಾವನ ಬಲೆಯ ಮೇಲೆ ಹಾಯ್ದು ಬಲೆ ಹರಿದಿತ್ತು. ಮೀನಿನ ಹರಾಜು ನಡೆಯುವಾಗ, ಊರೆಲ್ಲ ನೆರೆದ ಕಡೆ, ಭಾವ ಹರಿದ ಬಲೆ ತಂದು ಅವನ ಕುತ್ತಿಗೆಗೆ ಸುತ್ತಿ ಎಳೆದಾಡಿ, ಸತ್ತ ತಾಯಿಯ ಹೆಸರು ಹಿಡಿದು ಬೈದ. ಆ ತಾಯಿ ಹೆಂಡತಿಗೂ ತಾಯಿಯೇ, ಅದು ಬೈಯುವವನ ಲಕ್ಷ್ಯಕ್ಕೆ ಬರಲಿಲ್ಲ. ಈ ತಮ್ಮ ಕೈಗೆ ಸಿಕ್ಕ ಕಬ್ಬಿಣದ ಪೈಪಿನಿಂದ ಮೊಣಕಾಲ ಕೆಳಗೆ ಬೀಸಿದ. ಒಂದೇ ಏಟು. ಭಾವ ಧಕ್ಕೆಯ, ಅಂದರೆ ಬೋಟು ನಿಲ್ಲುವ ಕಟ್ಟೆಯ, ಅಂಚಿನಿಂದ ಉರುಳಿ, ನೀರು ಇಳಿದ ಹೊತ್ತು, ಕೆಳಗೆ ನಿಂತ ಬೋಟಿನ ಅಂಚಿಗೆ ತೊಡೆ ಕೊಟ್ಟು ಬಿದ್ದ. ಕೇಳಿದವರಿಗೆಲ್ಲ ಜಾರಿ ಬಿದ್ದ ಎಂದೇ ಹೇಳುವುದು ಎಂದು ಬೊಬ್ರುವಾಡದ ಹಿರಿಯರು ಕೂತು ತೀರ್ಮಾನಿಸಿದ್ದರು.

"ನಿನ್ನ ಭಾವ ಸತ್ರೆ ನಾ ಎಲ್ಲಿಗೆ ಹೋಗ್ಲಿ," ಎಂದು ಆಕೆ ನೆಲದ ಮೇಲೆ ಕೂತೇ ತಮ್ಮನನ್ನು ಕೇಳಿದಳು. "ಇವ್ರು ಹೋದ್ರೆ ನೀನೂ ಹೋದೆ. ನಿನ್ನನ್ನು ಜೈಲಿಗೆ ಹಾಕಿದ ದಿನ ನಾ ಯಾರ ಹೆಂಡತಿ, ಯಾರ ಅಕ್ಕ?" ಹಾಗೆ ಕೇಳುತ್ತ ಕೇಳುತ್ತಲೇ ಅವನ ಎರಡೂ ಕೆನ್ನೆಗೆ ಪಟಪಟ ಬಾರಿಸಿದಳು. ಅಷ್ಟು ಹೊತ್ತು ಬೋಟಿನವರ ಏಟಿಗೆ ತುಟಿ ಪಿಟ್ಟೆನ್ನದವನು ಆಗ ಅತ್ತ.

ಪೊಲೀಸರಿಗೆ ತಿಳಿಸಿದೆ. ತಿಳಿಸಲೇಬೇಕು, ನಮ್ಮ ಕೆಲಸವೇ ಹಾಗೆ. ಅವಳ ಕಣ್ಣು ತಪ್ಪಿಸಿ ಫೋನು ಮಾಡಿದೆ ಎನ್ನುವುದನ್ನೂ ಹೇಳಿಬಿಡುತ್ತೇನೆ.

ಫೋನು ಇಡುವಾಗ ಒಳಗಿನಿಂದ ಕೂಗು ಕೇಳಿತು. ಬರ್ಫಿನ ಅಮಲು ಇಳಿದಿತ್ತು. ಮೂಳೆ ಮುರಿದವರ ಕೂಗು ನನಗೆ ಹೊಸದಲ್ಲ, ಅದು ಅಲುಗಾಡಿಸಿದಾಗ ಏರುತ್ತದೆ, ಪಟ್ಟಿ ಕಟ್ಟಿ ಸುಮ್ಮನಿಟ್ಟರೆ ಇಳಿಯುತ್ತದೆ. ಇದು ಇಳಿಯುತ್ತಿರಲಿಲ್ಲ. ನೋವಿನ ಸೂಜಿ ಚುಚ್ಚಿದ್ದರೂ ಮಂಚದ ಕಬ್ಬಿಣ ಹಿಡಿದು, ತಲೆಯನ್ನು ಹಿಂದಕ್ಕೆ ಬಡಿದುಕೊಳ್ಳುತ್ತಿದ್ದ. "ಕಾಲು ಕಡ್ದು ಹಾಕಿ ಡಾಕ್ಟ್ರೇ! ಕೊಡಲಿ ತಗೊಂಡು ಕಡೀರಿ!"

ಕಾಲ ಮುಂಭಾಗ ಒತ್ತಿದೆ. ಹಲಗೆಯ ಹಾಗೆ ಗಟ್ಟಿ. ಹೆಬ್ಬೆರಳನ್ನು ಹಿಡಿದು ಮೆಲ್ಲಗೆ ಕೆಳಕ್ಕೆ ಬಗ್ಗಿಸಿದೆ, ಗುಬ್ಬಿಯ ಕತ್ತು ತಿರುಗಿಸುವಷ್ಟು ಮೆಲ್ಲಗೆ. ಅವನು ಎದ್ದು ಕೂತು ನನ್ನ ಎದೆಗೆ ಗುದ್ದಿದ. ನಾನು ಎರಡು ಹೆಜ್ಜೆ ಹಿಂದೆ ಹೋಗಿ ಔಷಧಿಯ ಟ್ರಾಲಿಗೆ ಬಡಿದೆ.

"ನಾಡಿ ನೋಡು," ಅಂದೆ ಹುಬ್ಬಳ್ಳಿಯ ಹುಡುಗನಿಗೆ.

"ಇನ್ನೂ ಐತ್ರಿ ಸರ್." ಈ ಸಲ ಮುಖ ಅರಳಲಿಲ್ಲ. ಮರುಕ್ಷಣ ತಾನೇ ಕಾಲ ಕೆಳಗಿನ ದಿಂಬುಗಳನ್ನು ಎಳೆದು ತೆಗೆದ. ಒಳಗಿನ ಒತ್ತಡಕ್ಕೆ ಮೊದಲೇ ರಕ್ತ ಏರಲು ಹೆಣಗುತ್ತದೆ, ಎತ್ತರಿಸಿದರೆ ಇನ್ನೂ ಕಷ್ಟ. ಎದೆಯ ಮಟ್ಟಕ್ಕಿರಬೇಕು.

ಹೆಂಡತಿಗೆ ಹೇಳಬೇಕಿತ್ತು. ಗಾಜು ಚುಚ್ಚಿದ ಅವಳ ಪಾದಕ್ಕೆ ಸಿಸ್ಟರು ಪಟ್ಟಿ ಸುತ್ತುತ್ತಿದ್ದರು, ಅಲ್ಲೇ ಕೂತು ಹೇಳಿದೆ. ಮೊಣಕಾಲ ಕೆಳಗೆ ಸ್ನಾಯುಗಳಿಗೆ ನಾಲ್ಕು ಕೋಣೆ ಇವೆ. ಗೋಡೆ ಹಿಗ್ಗುವುದಿಲ್ಲ. ಮುರಿದ ಮೂಳೆಯ ರಕ್ತ ಒಳಗೆ ತುಂಬಿ, ಸ್ನಾಯು ಬಾತು, ಜಾಗ ಸಾಲದಾಗುತ್ತದೆ. ಮೇಲಿಂದ ಹಗ್ಗ ಬಿಗಿದರೆ ಮತ್ತಷ್ಟು. ದೊಡ್ಡ ರಕ್ತನಾಳ ಒಳಗೆ ಹರಿಯುತ್ತಲೇ ಇರುತ್ತದೆ, ಅದಕ್ಕೇ ನಾಡಿ ಸಿಗುತ್ತದೆ. ಆದರೆ ಕೂದಲಿನಷ್ಟು ಸಣ್ಣ ನಾಳಗಳು ಮುಚ್ಚಿಹೋಗುತ್ತವೆ. ಸ್ನಾಯು ಉಸಿರುಗಟ್ಟಿ ಸಾಯುತ್ತದೆ. ನಾಡಿ ನಿಲ್ಲುವವರೆಗೆ ಕಾದರೆ ಕಾಲು ನಮ್ಮದಲ್ಲ.

"ಎಂತ ಮಾಡೂದು ಈಗ?"

"ಕೋಣೆ ಒಡೀಬೇಕು. ಎರಡೂ ಬದಿಗೆ ಉದ್ದಕ್ಕೆ ಕೊಯ್ದು ಬಿಟ್ಟುಬಿಡೂದು. ಹೊಲಿಯೂದಿಲ್ಲ."

"ಕಾಲು ಉಳೀತದಾ?"

"ಆಗಲೇ ಬಹಳ ತಡ ಆಗಿದೆ ತಂಗೀ. ಬೇಗ ಸಹಿ ಮಾಡು."

ಬೊಬ್ರುವಾಡದಲ್ಲಿ ಹಿರಿಯರು ಕೂತದ್ದು ನೆನಪಾಯಿತೋ ಏನೋ, ಹಲ್ಲು ಕಚ್ಚಿ ಸಹಿ ಹಾಕಿದಳು.

ಥಿಯೇಟರಿನಲ್ಲಿ ಹೊರಬದಿಯ ಚರ್ಮ ಮೊಣಕಾಲಿನಿಂದ ಕಾಲಗಂಟಿನ ಹತ್ತಿರದವರೆಗೆ ಕೊಯ್ದೆ. ಒಳಗಿನ ಬಿಳಿ ಪೊರೆಗೆ ಕತ್ತರಿ ತಾಗಿಸಿದ್ದೇ ತಡ, ಸ್ನಾಯು ತಾನೇ ಸೀಳಿಕೊಂಡು ಹೊರಗೆ ನುಗ್ಗಿತು, ಬಿಗಿದ ಮೂಟೆ ಹೊಲಿಗೆ ಬಿಟ್ಟ ಹಾಗೆ. ಬಣ್ಣ ಕಪ್ಪು ನೇರಳೆ. ಹುಬ್ಬಳ್ಳಿಯ ಹುಡುಗ "ಅವ್ವಾ" ಎಂದ. ಮುಂದಿನ ಕೋಣೆ, ಪಕ್ಕದ್ದು, ಒಳಬದಿಯಿಂದ ಹಿಂದಿನದು, ಎಲ್ಲಕ್ಕೂ ಆಳದ್ದು, ನಾಲ್ಕನ್ನೂ ಒಡೆದೆ. ಆಮೇಲೆ ಎಲ್ಲರೂ ಕೈಕಟ್ಟಿ ಕಾದೆವು. ಬಿಸಿ ಉಪ್ಪುನೀರಿನ ಬಟ್ಟೆ ಹಾಸಿ ತೆಗೆದಾಗ ಬಣ್ಣ ನಿಧಾನಕ್ಕೆ ಕೆಂಪಿಗೆ ತಿರುಗುತ್ತಿತ್ತು. ಚಿಮಟದಲ್ಲಿ ಚಿವುಟಿದರೆ ಸ್ನಾಯು ಮಿಡುಕಿತು. ಜೀವ ಇತ್ತು. ಮುಂದಿನ ಕೋಣೆಯ ಒಂದು ತುಂಡು ಮಾತ್ರ ಮಿಡುಕಲಿಲ್ಲ, ರಕ್ತವೂ ಬರಲಿಲ್ಲ. ಅದನ್ನು ಕತ್ತರಿಸಿ ಬಿಸಾಡಿದೆ.

ಕೆಳಗಿನ ಮೂಳೆಗೆ ಹೊರಗಿನಿಂದ ಕಬ್ಬಿಣದ ಸರಳು ಕೂಡಿಸಿ ನಿಲ್ಲಿಸಿದೆ. ತೊಡೆಗೂ ಕೈ ಹಾಕಬೇಕು ಎನ್ನುವಷ್ಟರಲ್ಲಿ ಅರಿವಳಿಕೆಯ ಡಾಕ್ಟರು ಬೇಡವೆಂದರು. ತೊಡೆಯ ಮೂಳೆ ಮುರಿದರೆ ತೊಡೆಯೊಳಗೇ ಲೀಟರುಗಟ್ಟಲೆ ರಕ್ತ ಸೋರಿಹೋಗುತ್ತದೆ. ಬಿಪಿ ಕುಸಿಯುತ್ತಿತ್ತು. ಮೊಣಕಾಲಿನ ಮೇಲ್ಭಾಗಕ್ಕೆ ಒಂದು ಕಡ್ಡಿ ಹಾಯಿಸಿ, ಭಾರ ಕಟ್ಟಿ ಎಳೆದಿಟ್ಟು, ರಕ್ತ ಏರಿಸಿ, ಎರಡು ದಿನ ಬಿಟ್ಟು ರಾಡು ಹಾಕುವುದು ಎಂದು ನಿಶ್ಚಯ ಮಾಡಿ ವಾರ್ಡಿಗೆ ತಂದೆವು.

ಮರುದಿನ ಬೆಳಿಗ್ಗೆ ಅವನು ಬೆರಳು ಆಡಿಸಿದ. ಹೆಂಡತಿ ನನ್ನ ಕೈಗೆ ಎಲೆಯಲ್ಲಿ ಸುತ್ತಿದ ಅಬ್ಬಲಿಗೆ ಹೂ ಕೊಟ್ಟಳು, ಏನು ಮಾಡಬೇಕೆಂದು ತೋಚದೆ ನಾನು ಅದನ್ನು ಸಿಸ್ಟರಿಗೆ ಕೊಟ್ಟೆ, ಅವರು ಮುಡಿದುಕೊಂಡರು, ವಾರ್ಡೆಲ್ಲ ನಕ್ಕಿತು. ಅಲ್ಲಿಗೆ ಕತೆ ಮುಗಿದಿದ್ದರೆ ಚೆನ್ನಾಗಿತ್ತು.

ಎರಡನೆಯ ದಿನ ಮಧ್ಯಾಹ್ನ ಊಟದ ಹೊತ್ತಿಗೆ ವಾರ್ಡಿನಿಂದ ಪಾತ್ರೆ ಬಿದ್ದ ಸದ್ದು. ಅವನು ಸಲೈನಿನ ಕಂಬ ಕಿತ್ತು ಬೀಸುತ್ತಿದ್ದ. ಪಕ್ಕದ ಮಂಚದ ಅಜ್ಜನ ಗಂಜಿಯ ತಟ್ಟೆ ಗೋಡೆಗೆ ಹಾರಿತ್ತು. "ಬಲೆ ಹರೀತು! ಎಳೀರಾ, ಎಳೀರಾ!" ಎಂದು ಕಿರುಚುತ್ತ ಕಾಲಿನ ಭಾರದ ಹಗ್ಗ ಹಿಡಿದು ಎರಡೂ ಕೈಯಿಂದ ಜಗ್ಗುತ್ತಿದ್ದ. ಕಡ್ಡಿ ಹೊಕ್ಕ ಜಾಗದಿಂದ ರಕ್ತ ಚಿಮ್ಮುತ್ತಿತ್ತು. ತಡೆಯಲು ಹೋದ ಹೆಂಡತಿಯ ಕುತ್ತಿಗೆ ಹಿಡಿದು ಒತ್ತಿದ. ಅವಳ ಕಣ್ಣು ಮೇಲಾಯಿತು. ತಾಂಡೇಲನೂ ವಾರ್ಡ್‌ಬಾಯೂ ಸೇರಿ ಬೆರಳು ಒಂದೊಂದಾಗಿ ಬಿಡಿಸಿದರು. ಕೈ ಎರಡನ್ನೂ ಮಂಚಕ್ಕೆ ಕಟ್ಟಿದರು.

"ಇದು ಬ್ಯಾರೆ ಏನಲ್ಲ ಡಾಕ್ಟ್ರೇ," ಅಂದ ತಾಂಡೇಲ, ಏದುಸಿರು ಬಿಡುತ್ತ. "ಕುಡೀದೆ ಎರಡು ದಿನ ಆತು. ಸಮುದ್ರದವನಿಗೆ ಶೆರೆ ತಪ್ಪಿದ್ರೆ ಭೂತ ಹಿಡಿದ ಹಾಗೇ ಆಗೂದು. ನಾ ಎಷ್ಟು ಜನರದ್ದು ಕಂಡಿದ್ದೆ." ಎಂದು ಎಳನೀರಿನ ಬಾಟಲಿಯನ್ನು ಮೆಲ್ಲಗೆ ತೋರಿಸಿದ. ಮೂಸಿದರೆ ಅದು ಎಳನೀರಲ್ಲ. "ಒಂದು ಗುಟುಕು ಬಿಡ್ಲಾ?"

"ಆ ಬಾಟ್ಲಿ ನನ್ನ ಕೈಗೆ ಕೊಡು, ಇಲ್ಲಾಂದ್ರೆ ನಿನ್ನನ್ನೂ ಇದೇ ಮಂಚಕ್ಕೆ ಕಟ್ತೆ," ಅಂದರು ಸಿಸ್ಟರು.

ಮುದುಕ ಹೇಳಿದ್ದು ತಲೆಬುಡ ಇಲ್ಲದ ಮಾತಲ್ಲ. ಕುಡಿತ ಬಿಟ್ಟ ಎರಡು ಮೂರು ದಿನಕ್ಕೆ ಹೀಗೆ ಬಡಬಡಿಸುವವರನ್ನು ನಾವೂ ಎಷ್ಟೋ ಕಂಡಿದ್ದೇವೆ. ಹುಬ್ಬಳ್ಳಿಯ ಹುಡುಗನೂ ಹಾಗೇ ಎಣಿಸಿ, ನಿದ್ದೆ ಬರಿಸುವ ಇಂಜೆಕ್ಷನ್ ಸಿರಿಂಜಿಗೆ ಎಳೆದು, ಚುಚ್ಚಲು ಕೈ ಮುಂದೆ ಮಾಡಿದ್ದ. ನಾನು ಊಟಕ್ಕೆಂದು ಹೊರಟು ಬಾಗಿಲು ದಾಟುತ್ತಿದ್ದೆ.

ಕುಮಟೆಯ ಹುಡುಗಿ ಅವನ ಮಣಿಕಟ್ಟು ಹಿಡಿದಳು. "ನಿಲ್ಲು."

"ಏನ್ ನಿಲ್ಲೂದು? ಹೆಂಡ್ತೀನ ಕೊಲ್ಲಾಕ್ಹತ್ತಿದ್ದ!"

"ಬಗಲು ನೋಡು."

ಕೈ ಮೇಲಕ್ಕೆ ಕಟ್ಟಿದ್ದರಿಂದ ಬಗಲು ಕಾಣುತ್ತಿತ್ತು. ಅಲ್ಲಿ, ಎದೆಯ ಮೇಲ್ಭಾಗದಲ್ಲಿ, ಸೂಜಿಮೊನೆಯಷ್ಟು ಕೆಂಪು ಚುಕ್ಕೆಗಳು ಚೆಲ್ಲಿದ್ದವು.

"ಸೊಳ್ಳೆ ಕಡಿದದ್ದು ಅದು," ಎಂದ ತಾಂಡೇಲ.

ಅವಳು ಬೆರಳಿನಿಂದ ಒತ್ತಿದಳು. ಚುಕ್ಕೆ ಮಾಸಲಿಲ್ಲ. ಕೆಳಗಿನ ಕಣ್ಣರೆಪ್ಪೆ ಎಳೆದು ನೋಡಿದಳು, ಅಲ್ಲೂ ಎರಡು. ಆಗಲೇ ನಾನು ತಿರುಗಿ ಬಂದು ಅವನ ಉಸಿರು ನೋಡಿದ್ದು. ನಾಯಿ ಓಡಿ ಬಂದು ನಿಂತಾಗ ಎಳೆಯುವ ಹಾಗೆ ಎಳೆಯುತ್ತಿದ್ದ. ಗಲಾಟೆಯಲ್ಲಿ ಬೆರಳಿನ ಕ್ಲಿಪ್ಪು ಕಿತ್ತು ಬಿದ್ದಿತ್ತು, ಹುಡುಗಿ ಹೆಕ್ಕಿ ಮತ್ತೆ ಹಾಕಿದಳು. ಆಮ್ಲಜನಕ ಎಂಬತ್ತರ ಆಚೀಚೆ ತೂಗುತ್ತಿತ್ತು. ಶೆರೆ ತಪ್ಪಿದವನ ತಲೆ ಕೆಡುತ್ತದೆ, ಬೆವರುತ್ತಾನೆ, ನಡುಗುತ್ತಾನೆ, ಆದರೆ ಬೆರಳು ನೀಲಿಗಟ್ಟುವುದಿಲ್ಲ.

ಅವಳು ಪರೀಕ್ಷೆಯ ಪ್ರಶ್ನೆ ಓದಿದ ಹಾಗೇ ಮೆಲ್ಲಗೆ ಹೇಳಿದಳು. "ಉದ್ದ ಮೂಳೆ ಮುರಿದು ಎರಡು ದಿನ. ಉಸಿರು, ತಲೆ, ಚುಕ್ಕೆ. ಫ್ಯಾಟ್ ಎಂಬಾಲಿಸಂ ಅಲ್ವಾ ಸರ್?"

ಮೂಳೆಯ ಒಳಗಿನ ಕೊಬ್ಬಿನ ಹನಿಗಳು ಮುರಿದ ಜಾಗದಿಂದ ರಕ್ತಕ್ಕೆ ಸೇರಿ, ಶ್ವಾಸಕೋಶದ, ಮಿದುಳಿನ, ಚರ್ಮದ ಸಣ್ಣ ಸಣ್ಣ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಅಲ್ಲಿ ಕೂತು ಉರಿ ಹಚ್ಚುತ್ತವೆ. ಆ ಸೂಜಿ ಚುಚ್ಚಿದ್ದರೆ ಅವನು ಸುಮ್ಮನಾಗುತ್ತಿದ್ದ, ನಾವೂ ಸಮಾಧಾನದಿಂದ ಊಟಕ್ಕೆ ಹೋಗುತ್ತಿದ್ದೆವು. ಎಳೆಯುತ್ತಿದ್ದ ಅಷ್ಟು ಉಸಿರೂ ನಿಂತುಹೋಗುತ್ತಿತ್ತು. ಹುಬ್ಬಳ್ಳಿಯ ಹುಡುಗ ಸಿರಿಂಜನ್ನು ಟ್ರೇಯಲ್ಲಿಟ್ಟ ರೀತಿ ನೋಡಿದರೆ ಅದು ಹಾವೇನೋ ಅನ್ನಬೇಕು.

ಇದಕ್ಕೆ ಇಂಥದ್ದೇ ಎಂಬ ಮದ್ದಿಲ್ಲ. ಆಮ್ಲಜನಕ ಕೊಡಬೇಕು, ಸಾಲದಿದ್ದರೆ ಯಂತ್ರದಿಂದ ಉಸಿರಾಡಿಸಬೇಕು, ಮೈ ತಾನೇ ಕೊಬ್ಬು ಕರಗಿಸುವವರೆಗೆ ಜೀವ ಹಿಡಿದಿರಬೇಕು. ಐಸಿಯುಗೆ ಒಯ್ದು ಗಂಟಲಿಗೆ ನಳಿಕೆ ಹಾಕಿದೆವು. ಪ್ಲೇಟ್‌ಲೆಟ್‌ಗಳು, ಅಂದರೆ ರಕ್ತ ಹೆಪ್ಪುಗಟ್ಟಿಸುವ ಕಣಗಳು, ಇಳಿದಿದ್ದವು. ಮೂಳೆ ಅಲುಗಾಡಿದಷ್ಟೂ ಕೆಟ್ಟದ್ದು ಎಂದು, ಉಸಿರು ಸ್ವಲ್ಪ ಸ್ಥಿರವಾದದ್ದೇ ತೊಡೆಯನ್ನೂ ಹೊರಗಿನ ಸರಳಿನಿಂದ ಬಿಗಿದೆ.

ಹೊರಗೆ ಬೆಂಚಿನ ಮೇಲೆ ಹೆಂಡತಿ ಕೂತಿದ್ದಳು. ಕುತ್ತಿಗೆಯಲ್ಲಿ ಗಂಡನ ಐದೂ ಬೆರಳು ನೀಲಿಯಾಗಿ ಮೂಡಿದ್ದವು. ಎದುರಿನ ಗೋಡೆಗೆ ಪೊಲೀಸನ ಪಕ್ಕ ತಮ್ಮ. ವಿಚಾರಣೆಗೆ ಕರೆದೊಯ್ಯುವ ಮುಂಚೆ ಭಾವನನ್ನು ಒಂದು ಸಲ ನೋಡಬೇಕು ಎಂದು ಪೊಲೀಸನ ಕಾಲು ಹಿಡಿದು ಬಂದಿದ್ದ.

"ಬದುಕ್ತಾರಾ ಡಾಕ್ಟ್ರೇ?" ಅವಳು ಕೇಳಿದಳು. ತಮ್ಮನೂ ತಲೆ ಎತ್ತಿದ.

"ಗೊತ್ತಿಲ್ಲ," ಅಂದೆ. "ಹೆಚ್ಚಿನವರು ಬದುಕ್ತಾರೆ. ಎಲ್ಲರೂ ಅಲ್ಲ."

ಪೊಲೀಸನೂ ಬೇರೆ ಕಡೆ ನೋಡಿದ. ಒಳಗೆ ಮಲಗಿದವನು ಸತ್ತರೆ ಕೇಸಿನ ಹೆಸರೇ ಕೊಲೆ ಎಂದು ಬದಲಾಗುತ್ತದೆ ಎನ್ನುವುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಬದುಕಿದ. ಆ ವಾರ ಕಳೆಯುವುದರೊಳಗೆ ನಳಿಕೆ ತೆಗೆದೆವು. ಮೊದಲ ಮಾತು ಹೆಂಡತಿಗೆ, "ಕುತ್ತಿಗೆಗೆ ಎಂತ ಆತೇ?" ಅವಳು "ಜಾರಿ ಬಿದ್ದೆ," ಅಂದಳು. ಸಿಸ್ಟರು ಔಷಧಿ ಎಣಿಸುವ ನೆಪದಲ್ಲಿ ಆಚೆ ತಿರುಗಿದರು.

ಆಮೇಲಿನದು ಉದ್ದದ ಬೇಸಾಯ. ತೊಡೆಗೆ ಒಳಗಿನ ರಾಡು. ಕೊಯ್ದ ಜಾಗಕ್ಕೆ ಇನ್ನೊಂದು ತೊಡೆಯ ಚರ್ಮದ ತೇಪೆ. ತೊಡೆಯ ಮೂಳೆ ಹೊತ್ತಿಗೆ ಸರಿಯಾಗಿ ಕೂಡಿತು. ಕೆಳಗಿನದು ಹಟ ಹಿಡಿಯಿತು. ಮೂಳೆ ಹೇಗೆ ಕೂಡುತ್ತದೆ ಎಂದು ಅವಳು ಪ್ರತಿ ಸಲ ಕೇಳುತ್ತಿದ್ದಳು. ಮೊದಲು ಮುರಿದ ಕಡೆ ರಕ್ತ ಹೆಪ್ಪುಗಟ್ಟುತ್ತದೆ, ಅದರಲ್ಲಿ ಹೊಸ ನಾಳ ಚಿಗುರಿ ಮೆತ್ತನೆಯ ಗಂಟು ಕಟ್ಟುತ್ತದೆ, ಅದಕ್ಕೆ ಸುಣ್ಣ ಇಳಿದು ಗಟ್ಟಿಯಾಗುತ್ತದೆ, ಆಮೇಲೆ ವರ್ಷಗಟ್ಟಲೆ ಮೈ ಅದನ್ನು ಕೆತ್ತಿ ನಯ ಮಾಡುತ್ತದೆ ಎಂದು ಹೇಳಿದೆ.

"ಏಡಿ ಚಿಪ್ಪು ಬಿಟ್ಟ ಹಾಗೆ," ಅಂದಳು. "ಮೊದ್ಲು ಒತ್ತಿದ್ರೆ ಬೆಣ್ಣೆ. ಆಮೇಲೆ ಕಲ್ಲು."

"ಹಾಗೇ. ಇವನ ಏಡಿ ಇನ್ನೂ ಬೆಣ್ಣೆ. ಸ್ನಾಯುವಿಗೂ ಪೆಟ್ಟಾಗಿದ್ದರಿಂದ ರಕ್ತ ಕಮ್ಮಿ. ಮೇಲಿಂದ ಬೀಡಿ ಸೇದ್ತಾನೆ, ಅದು ಇದ್ದ ನಾಳವನ್ನೂ ಹಿಂಡ್ತದೆ."

ನಾನು ಹೇಳಿ ಮುಗಿಸಿರಲಿಲ್ಲ. ಅವಳು ಗಂಡನ ಅಂಗಿಯ ಕಿಸೆಗೆ ಕೈ ಹಾಕಿ ಬೀಡಿಕಟ್ಟು ಎಳೆದು, ಊರುಗೋಲಿನಿಂದ ಅವನ ಬೆನ್ನಿಗೆ ನಾಲ್ಕು ಬಿಟ್ಟಳು. ಓಪಿಡಿಯಲ್ಲಿ ಕೂತ ಜನ ಎದ್ದು ನಿಂತರು. "ಬೆನ್ನೂ ಮುರೀಬೇಡ ತಂಗೀ, ನನಗೆ ಬೇರೆ ಕೆಲಸ ಇದೆ," ಅಂದೆ. ಮುಂದೆ ಸೊಂಟದ ಮೂಳೆಯಿಂದ ಚೂರು ತೆಗೆದು ತುಂಬಿ, ಲೋಹದ ಪಟ್ಟಿ ಬಿಗಿದ ಮೇಲೆ ಎಕ್ಸರೇಯಲ್ಲಿ ಬಿಳಿ ಗಂಟು ಕಾಣಿಸಿಕೊಂಡಿತು. ಸತ್ತ ಸ್ನಾಯುವಿನಿಂದಾಗಿ ಪಾದ ಸ್ವಲ್ಪ ಜೋಲುತ್ತದೆ, ಅದು ಸರಿಯಾಗಲಿಲ್ಲ. ಚಪ್ಪಲಿಗೆ ಒಂದು ಪಟ್ಟಿ ಹಾಕಿಸಿಕೊಂಡು ನಡೆಯುತ್ತಾನೆ.

ಕೇಸು ಕೋರ್ಟಿಗೆ ಬರುವ ಹೊತ್ತಿಗೆ ಕುಮಟೆಯ ಹುಡುಗಿ ಮೂಳೆ ವಿಭಾಗದಲ್ಲೇ ಪಿಜಿ ಸೇರಿಯಾಗಿತ್ತು. ನನ್ನನ್ನು ಸಾಕ್ಷಿಗೆ ಕರೆದರು. ಕೆಳಗಿನ ಮೂಳೆ ಅಡ್ಡ ಮುರಿದಿತ್ತು, ಅಡ್ಡದಿಂದ ಬಿದ್ದ ನೇರ ಏಟಿನಿಂದ ಹಾಗಾಗುತ್ತದೆ ಎಂದೆ. ಆರೋಪಿಯ ವಕೀಲರು ಎದ್ದು ನಿಂತು ಕೇಳಿದರು, ಬೀಳುವಾಗ ಬೋಟಿನ ಕಬ್ಬಿಣದ ಅಂಚಿಗೆ ಬಡಿದರೂ ಹೀಗೆ ಆಗಬಹುದೇ? ಆಗಬಹುದು ಎಂದೆ. ನಿಜವೇ, ಮೂಳೆಗೆ ಗೊತ್ತಾಗುವುದು ಏಟು ಮಾತ್ರ, ಹೊಡೆದದ್ದು ಯಾರೆಂದು ಗೊತ್ತಾಗುವುದಿಲ್ಲ.

ನನ್ನ ನಂತರ ಭಾವನನ್ನು ಕರೆದರು. ಪಾದ ಎಳೆಯುತ್ತ ಕಟಕಟೆ ಹತ್ತಿ, ಪ್ರಮಾಣ ಮಾಡಿ, ಜಾರಿ ಬಿದ್ದೆ ಎಂದು ಹೇಳಿದ. ಸರಕಾರಿ ವಕೀಲರು ಎಷ್ಟು ತಿರುಗಿಸಿ ಕೇಳಿದರೂ ಅದೇ. ತಾಂಡೇಲನೂ ಅದನ್ನೇ ಹೇಳಿದ, ಹೆಂಡತಿಯೂ ಅದನ್ನೇ ಹೇಳಿದಳು. ತಮ್ಮ ಬಿಡುಗಡೆಯಾದ ದಿನ ನಾನು ಬೇರೆ ಕೇಸಿಗೆ ಅಲ್ಲೇ ಇದ್ದೆ. ಹೊರಗೆ ಮೆಟ್ಟಿಲ ಮೇಲೆ ತಮ್ಮ ಭಾವನ ಕಾಲಿಗೆ ಬಾಗಿದ. ಭಾವ ಅವನನ್ನು ಕಾಲರು ಹಿಡಿದು ಎಬ್ಬಿಸಿ, ಕಪಾಳಕ್ಕೆ ಒಂದು ಬಿಟ್ಟ. ಸದ್ದಿಗೆ ಆವರಣದಲ್ಲಿದ್ದವರೆಲ್ಲ ತಿರುಗಿದರು, ಪೊಲೀಸನೂ ಸೇರಿ. ಹುಡುಗನ ತುಟಿ ಒಡೆದು ರಕ್ತ ಬಂತು. ಅವಳು ಸೆರಗಿನಿಂದ ಒರೆಸಿ, ಒಂದು ಆಟೋ ಕರೆದಳು, ಮೂವರೂ ಹತ್ತಿ ಬೈತಖೋಲದ ಕಡೆ ಹೋದರು.